ಮಳೆಗಾಲದ ರಾತ್ರಿಗಳಿಗೆ ಎಷ್ಟು ಬ್ಯಾಟರಿ ಬೇಕು: ಚಿಕ್ಕ ಮನೆಯ ಸೋಲಾರ್‌ಗೆ ಲೆಕ್ಕ ಹಾಕುವ ಕ್ರಮ

ಮಲೆನಾಡಿನಲ್ಲಿ ಮನೆಯ ಮಾಡಿನ ಮೇಲೆ ಸೋಲಾರ್ ಹಾಕಿಸುವವರು ಬ್ಯಾಟರಿಯ ಬಗ್ಗೆ ಯೋಚಿಸುವುದು ಬೇಸಿಗೆಯಲ್ಲಿ. ಆ ಬ್ಯಾಟರಿಯ ನಿಜವಾದ ಪರೀಕ್ಷೆ ನಡೆಯುವುದು ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ. ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದ ದಿನವೇ ಸಾಮಾನ್ಯವಾಗಿ ಮೋಡವೂ ದಟ್ಟವಾಗಿರುತ್ತದೆ, ಅಂದರೆ ಬ್ಯಾಟರಿ ಹೆಚ್ಚು ಬೇಕಾಗುವ ದಿನಗಳಲ್ಲಿಯೇ ಅದನ್ನು ತುಂಬಿಸುವ ಬಿಸಿಲು ಕಡಿಮೆ ಇರುತ್ತದೆ. ಈ ಒಂದು ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕೊಂಡ ಬ್ಯಾಟರಿ ಮೊದಲ ರಾತ್ರಿ ಚೆನ್ನಾಗಿಯೇ ನಡೆಯುತ್ತದೆ, ಎರಡನೆಯ ರಾತ್ರಿ ಹನ್ನೊಂದಕ್ಕೆ ಕೈಕೊಡುತ್ತದೆ. ಆದ್ದರಿಂದ ‘ಎಷ್ಟು ಬ್ಯಾಟರಿ’ ಎಂಬ ಪ್ರಶ್ನೆಯನ್ನು ಮೊದಲ ರಾತ್ರಿಯಿಂದಲ್ಲ, ಎರಡನೆಯ ರಾತ್ರಿಯಿಂದ ಕೇಳಿಕೊಳ್ಳಬೇಕು.

ಈ ಲೇಖನದಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿರುವುದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿರುವ ನನ್ನ ಅಕ್ಕನ ಮನೆಯನ್ನು. ಅಕ್ಕ, ಭಾವ, ಭಾವನ ತಾಯಿ ಮತ್ತು ಕಾಲೇಜಿಗೆ ಹೋಗುವ ಮಗಳು, ಹೀಗೆ ನಾಲ್ಕು ಜನರ ಸಂಸಾರ. ‘ಎರಡು ರಾತ್ರಿ ಕರೆಂಟ್ ಬರದೇ ಇದ್ರೂ ಮನೇಲಿ ದೀಪ, ಫ್ಯಾನು, ಫ್ರಿಜ್ಜು ನಿಲ್ಲಬಾರದು ಮಾರಾಯ, ಮೂರನೇದಕ್ಕೂ ಎಳೆದರೆ ಇನ್ನೂ ಒಳ್ಳೇದು’ ಎಂದು ಭಾವ ಹೇಳಿದ್ದರು. ಈ ಮಾತನ್ನು ಅಂಕಿಗಳಿಗೆ ಇಳಿಸಿದ್ದು ಹೇಗೆ ಎಂಬುದನ್ನು ಹಂತಹಂತವಾಗಿ ಕೆಳಗೆ ವಿವರಿಸಿದ್ದೇನೆ. ನಿಮ್ಮ ಮನೆಯ ಅಂಕಿಗಳು ಬೇರೆ ಇರುತ್ತವೆ, ಆದರೆ ಲೆಕ್ಕದ ದಾರಿ ಇದೇ.

ಆರಂಭಿಸುವ ಮೊದಲು ಒಂದು ಮಾತು. ಬ್ಯಾಟರಿ ಇಲ್ಲದ, ಕೇವಲ ಲೈನಿಗೆ ಜೋಡಿಸಿದ ಆನ್‌ಗ್ರಿಡ್ ಸೋಲಾರ್ ಕರೆಂಟು ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಲೈನ್ ರಿಪೇರಿ ಮಾಡುತ್ತಿರುವವರಿಗೆ ಮಾಡಿನ ಮೇಲಿನ ವಿದ್ಯುತ್ ತಗುಲಬಾರದೆಂದು ಅದನ್ನು ಹಾಗೆಯೇ ಮಾಡಿರುತ್ತಾರೆ, ಅದು ದೋಷವಲ್ಲ. ಕರೆಂಟು ಇಲ್ಲದಾಗಲೂ ಮನೆ ನಡೆಯಬೇಕಾದರೆ ಹೈಬ್ರಿಡ್ ಅಥವಾ ಆಫ್‌ಗ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕೇ ಬೇಕು.

ಮೊದಲನೆಯದು: ಯಾವುದು ನಡೆಯಬೇಕು, ಯಾವುದು ಬೇಡ

ಮನೆಯ ಎಲ್ಲ ಉಪಕರಣಗಳನ್ನೂ ಬ್ಯಾಟರಿಯ ಮೇಲೆ ಹಾಕಲು ಹೊರಟರೆ ಲೆಕ್ಕ ಎಲ್ಲಿಯೂ ನಿಲ್ಲುವುದಿಲ್ಲ. ಗೀಸರ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆ, ಬಾವಿಯ ಪಂಪು ಇವನ್ನು ಮೊದಲೇ ಹೊರಗಿಡಬೇಕು. 2 ಕಿಲೋವ್ಯಾಟ್‌ನ ಗೀಸರ್ ಇಪ್ಪತ್ತು ನಿಮಿಷ ಓಡಿದರೆ ತೆಗೆದುಕೊಳ್ಳುವ ವಿದ್ಯುತ್ತಿನಲ್ಲಿ ಅಕ್ಕನ ಮನೆಯ ಎರಡು ಫ್ಯಾನುಗಳು ಇಡೀ ರಾತ್ರಿ ತಿರುಗಿ, ಇನ್ನೂ ಉಳಿಯುತ್ತದೆ. ಬಚ್ಚಲೊಲೆಗೆ ಸೌದೆಯಿರುವ ಮನೆಯಲ್ಲಿ ಗೀಸರನ್ನು ಬ್ಯಾಟರಿಗೆ ಜೋಡಿಸುವ ಅಗತ್ಯವೇ ಇಲ್ಲ.

ಹೊರಗಿಡುವುದೆಂದರೆ ‘ಆ ಹೊತ್ತಿನಲ್ಲಿ ಹಾಕುವುದಿಲ್ಲ’ ಎಂದು ಮನಸ್ಸಿನಲ್ಲಿ ಅಂದುಕೊಳ್ಳುವುದಲ್ಲ. ಎಲೆಕ್ಟ್ರಿಷಿಯನ್ನರಿಗೆ ಹೇಳಿ ವೈರಿಂಗನ್ನು ಎರಡು ಭಾಗ ಮಾಡಿಸಿ, ಅಗತ್ಯದ ಲೈನಿಗೆ ಪ್ರತ್ಯೇಕ ಡಿಬಿ ಮತ್ತು ಎಂಸಿಬಿ ಹಾಕಿಸಬೇಕು. ಎರಡೂ ಲೈನುಗಳ ನ್ಯೂಟ್ರಲ್ ಒಂದಕ್ಕೊಂದು ಸೇರಿಕೊಳ್ಳದಂತೆ ನೋಡಿಕೊಳ್ಳುವುದೂ ಮುಖ್ಯ. ಹಳೆಯ ಮನೆಗಳಲ್ಲಿ ನ್ಯೂಟ್ರಲ್ ಎಲ್ಲೆಲ್ಲೋ ಸೇರಿಕೊಂಡಿರುವುದರಿಂದ ಇನ್ವರ್ಟರ್ ಕಾರಣವಿಲ್ಲದೆ ಟ್ರಿಪ್ ಆಗುವುದನ್ನು ನಾನು ಹಲವು ಕಡೆ ನೋಡಿದ್ದೇನೆ.

ಎರಡನೆಯದು: ರಾತ್ರಿಯ ಬಳಕೆಯನ್ನು ಅಳೆಯುವುದು

ಇಲ್ಲಿ ಮೊದಲು ತಿಳಿಯಬೇಕಾದದ್ದು ಬ್ಯಾಟರಿಯ ರಾತ್ರಿ ನಮ್ಮ ರಾತ್ರಿಗಿಂತ ಉದ್ದವಾದದ್ದು ಎಂಬುದು. ಜುಲೈ ತಿಂಗಳಲ್ಲಿ ಸೂರ್ಯ ಮುಳುಗುವುದು ಏಳರ ಹೊತ್ತಿಗಾದರೂ ಮೋಡ ಕವಿದ ದಿನ ಸಂಜೆ ಐದರ ನಂತರ ಪ್ಯಾನೆಲ್‌ಗಳಿಂದ ಹೇಳಿಕೊಳ್ಳುವಷ್ಟು ವಿದ್ಯುತ್ ಬರುವುದಿಲ್ಲ, ಬೆಳಿಗ್ಗೆಯೂ ಎಂಟರ ತನಕ ಅದೇ ಸ್ಥಿತಿ. ಹೀಗಾಗಿ ನಾನು ರಾತ್ರಿಯನ್ನು ಸಂಜೆ 5ರಿಂದ ಬೆಳಿಗ್ಗೆ 8ರವರೆಗೆ, ಅಂದರೆ 15 ಗಂಟೆ ಎಂದೇ ಹಿಡಿಯುತ್ತೇನೆ. ಹನ್ನೆರಡು ಗಂಟೆ ಹಿಡಿದು ಲೆಕ್ಕ ಮಾಡಿದವರಿಗೆ ಬೆಳಗಿನ ತಿಂಡಿಯ ಹೊತ್ತಿಗೆ ಮಿಕ್ಸಿ ತಿರುಗದಿರುವುದು ಇದೇ ಕಾರಣಕ್ಕೆ.

ಉಪಕರಣದ ಮೇಲೆ ಬರೆದ ವ್ಯಾಟ್ ಅನ್ನು ಅದು ಓಡುವ ಗಂಟೆಗಳಿಂದ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ. ಸಾವಿರ ವ್ಯಾಟ್-ಅವರ್ ಸೇರಿದರೆ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್. ಆದರೆ ಬರೆದ ಅಂಕಿಯನ್ನು ನಂಬುವುದಕ್ಕಿಂತ ಅಳೆದು ನೋಡುವುದು ಮೇಲು, ಅದಕ್ಕೆ ಬೇಕಾದ ಸಾಧನ ನಿಮ್ಮ ಮನೆಯ ಜಗಲಿಯಲ್ಲಿಯೇ ಇದೆ. ಈಗಿನ ಡಿಜಿಟಲ್ ಮೀಟರಿನ ಮುಖದಲ್ಲಿ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ, ಅದರ ಪಕ್ಕದಲ್ಲಿ `3200 imp/kWh` ಅಥವಾ `1600 imp/kWh` ಎಂಬಂತಹ ಬರಹ ಇರುತ್ತದೆ. 3200 ಎಂದಿದ್ದರೆ ಆ ದೀಪ 3200 ಸಲ ಮಿನುಗಿದಾಗ ಒಂದು ಯೂನಿಟ್ ಆಯಿತೆಂದು ಅರ್ಥ. ಹೊರಗಿಟ್ಟ ಉಪಕರಣಗಳನ್ನೆಲ್ಲ ಆರಿಸಿ, ಅಗತ್ಯದವನ್ನು ಮಾತ್ರ ಹಾಕಿ, ಗಡಿಯಾರ ನೋಡಿಕೊಂಡು ಒಂದು ನಿಮಿಷ ಮಿನುಗನ್ನು ಎಣಿಸಿ.

```
ವ್ಯಾಟ್ = (ಒಂದು ನಿಮಿಷದ ಮಿನುಗು × 60 × 1000) ÷ 3200
```

ಎಂಟು ಸಲ ಮಿನುಗಿದರೆ ಆ ಕ್ಷಣದಲ್ಲಿ ಮನೆ ಎಳೆಯುತ್ತಿರುವುದು 150 ವ್ಯಾಟ್. ಎಲ್ಲವನ್ನೂ ಆರಿಸಿದ್ದೇವೆ ಎಂದುಕೊಂಡ ಮೇಲೂ ದೀಪ ಆಗೊಮ್ಮೆ ಈಗೊಮ್ಮೆ ಮಿನುಗುತ್ತಿದ್ದರೆ ಸೆಟ್-ಟಾಪ್ ಬಾಕ್ಸೋ, ಸ್ಟೆಬಿಲೈಸರೋ ಎಲ್ಲೋ ತಿನ್ನುತ್ತಿದೆ ಎಂದು ತಿಳಿಯಬೇಕು. ಫ್ರಿಜ್ಜಿಗೆ ಮಾತ್ರ ಈ ಒಂದು ನಿಮಿಷದ ಎಣಿಕೆ ಸಾಲದು, ಏಕೆಂದರೆ ಅದರ ಕಂಪ್ರೆಸರ್ ಓಡಿ ನಿಂತು ಓಡಿ ನಿಂತು ನಡೆಯುತ್ತದೆ. ಪ್ಲಗ್ಗಿಗೆ ಸಿಕ್ಕಿಸುವ ಚಿಕ್ಕ ಎನರ್ಜಿ ಮೀಟರ್ ಸಿಗುತ್ತದೆ. ಅದರ ಮೂಲಕ ಫ್ರಿಜ್ಜನ್ನು ಎರಡು ದಿನ ಓಡಿಸಿ ಸರಾಸರಿ ತೆಗೆದುಕೊಳ್ಳಬೇಕು.

ಅಕ್ಕನ ಮನೆಯಲ್ಲಿ ಹೀಗೆ ಅಳೆದಾಗ ಸಿಕ್ಕಿದ್ದು ಇಷ್ಟು. ಒಂಬತ್ತು ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬುಗಳು ಸರಾಸರಿ ನಾಲ್ಕೂವರೆ ಗಂಟೆ ಉರಿದರೆ 162 ವ್ಯಾಟ್-ಅವರ್. ಅತ್ತೆಯವರು ರಾತ್ರಿ ಎದ್ದು ಬಚ್ಚಲಿಗೆ ಹೋಗುವ ದಾರಿಯ ಮೂರು ವ್ಯಾಟಿನ ದೀಪ ರಾತ್ರಿಯಿಡೀ ಉರಿಯಬೇಕು, ಅದಕ್ಕೆ 30. ಬಿಎಲ್‌ಡಿಸಿ ಫ್ಯಾನುಗಳು ಎರಡು, ಮೂವತ್ತು ವ್ಯಾಟಿನಂತೆ ಎಂಟು ಗಂಟೆಗೆ 480. ಮಳೆಗಾಲದಲ್ಲಿ ಸೆಕೆಯಿಲ್ಲದಿದ್ದರೂ ಸೊಳ್ಳೆಗೆ ಫ್ಯಾನು ಬೇಕು. ಮಗಳ ಓದಿಗೆ ವೈಫೈ ರೂಟರ್ ಹದಿನೈದು ಗಂಟೆಗೆ 150, ನಾಲ್ಕು ಮೊಬೈಲುಗಳ ಚಾರ್ಜಿಗೆ 60, ಮೂರು ಗಂಟೆಯ ಟಿವಿಗೆ 135, ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಐದಾರು ನಿಮಿಷ ತಿರುಗಿದರೆ 50. ಫ್ರಿಜ್ಜು ದಿನಕ್ಕೆ 0.6 ಯೂನಿಟ್ ತೆಗೆದುಕೊಳ್ಳುತ್ತಿತ್ತು, ಅದರಲ್ಲಿ ಹದಿನೈದು ಗಂಟೆಯ ಪಾಲು 375. ಎಲ್ಲ ಕೂಡಿದರೆ 1442 ವ್ಯಾಟ್-ಅವರ್, ಹೆಚ್ಚುಕಡಿಮೆ ಒಂದೂವರೆ ಯೂನಿಟ್.

ಹಳೆಯ ಮಾದರಿಯ ಫ್ಯಾನುಗಳೇ ಇದ್ದಿದ್ದರೆ ಒಂದೊಂದು 75 ವ್ಯಾಟಿನಂತೆ ಫ್ಯಾನುಗಳ ಪಾಲೇ 1200 ಆಗುತ್ತಿತ್ತು. ಬ್ಯಾಟರಿಗೆ ಹಣ ಹಾಕುವ ಮೊದಲು ಫ್ಯಾನು ಬದಲಿಸಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುವುದು ಈ ಕಾರಣದಿಂದ.

ಮೂರನೆಯದು: ಇನ್ವರ್ಟರ್ ತಾನೇ ತಿನ್ನುವುದು

ಚಿಕ್ಕ ಮನೆಗಳ ಲೆಕ್ಕದಲ್ಲಿ ಅತಿ ಹೆಚ್ಚು ತಪ್ಪಾಗುವುದು ಈ ಹಂತದಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬ್ಯಾಟರಿಯ ಡಿಸಿ ವಿದ್ಯುತ್ತನ್ನು ಎಸಿ ಮಾಡುವಾಗ ಇನ್ವರ್ಟರ್‌ನಲ್ಲಿ ಸುಮಾರು ಶೇಕಡಾ 10ರಷ್ಟು ನಷ್ಟವಾಗುತ್ತದೆ ಎಂಬುದನ್ನು ಬಹುತೇಕ ಎಲ್ಲರೂ ಹಿಡಿಯುತ್ತಾರೆ. ಆದರೆ ಮನೆಯಲ್ಲಿ ಒಂದೇ ಒಂದು ಬಲ್ಬ್ ಉರಿಯುತ್ತಿದ್ದರೂ, ಅಥವಾ ಏನೂ ಉರಿಯದಿದ್ದರೂ, ಇನ್ವರ್ಟರ್ ಎಚ್ಚರವಾಗಿರುವುದಕ್ಕೇ ಒಂದಿಷ್ಟು ವಿದ್ಯುತ್ ಬೇಕು ಎಂಬುದು ಮರೆತುಹೋಗುತ್ತದೆ. ಕಂಪನಿಯ ವಿವರಪತ್ರದಲ್ಲಿ ಇದನ್ನು ನೋ-ಲೋಡ್ ಕನ್ಸಂಪ್ಷನ್ ಎಂದು ಬರೆದಿರುತ್ತಾರೆ. ಚಿಕ್ಕ ಇನ್ವರ್ಟರ್‌ಗಳಲ್ಲಿ ಇದು 25–30 ವ್ಯಾಟ್ ಇದ್ದರೆ, 5 ಕೆವಿಎ ಗಾತ್ರದವುಗಳಲ್ಲಿ 50–60 ವ್ಯಾಟ್ ಇರುವುದು ಸಾಮಾನ್ಯ.

ಮೂವತ್ತು ವ್ಯಾಟ್ ಎಂದರೆ ಒಂದು ಫ್ಯಾನಿನಷ್ಟು. ಆದರೆ ಈ ಫ್ಯಾನನ್ನು ಯಾರೂ ಆರಿಸುವುದಿಲ್ಲ: ಹದಿನೈದು ಗಂಟೆಗೆ 450 ವ್ಯಾಟ್-ಅವರ್. ಅಕ್ಕನ ಮನೆಯಲ್ಲಿ ಫ್ರಿಜ್ಜಿಗಿಂತ ಹೆಚ್ಚು ತಿನ್ನುವುದು ಇನ್ವರ್ಟರೇ. ‘ಮುಂದೆ ಬೇಕಾಗಬಹುದು’ ಎಂದು 5 ಕೆವಿಎ ಇನ್ವರ್ಟರ್ ಕೊಂಡಿದ್ದರೆ ಅದು 900ಕ್ಕೆ ಏರುತ್ತಿತ್ತು. ಅಂದರೆ ಅಗತ್ಯಕ್ಕಿಂತ ದೊಡ್ಡ ಇನ್ವರ್ಟರ್ ಕೊಳ್ಳುವವರು ಹಣ ಹೆಚ್ಚು ಕೊಟ್ಟು ರಾತ್ರಿಯನ್ನು ಕಡಿಮೆ ಮಾಡಿಕೊಳ್ಳುತ್ತಾರೆ. ಅಂಗಡಿಯಲ್ಲಿ ಈ ಅಂಕಿಯನ್ನು ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗದೆ, ವಿವರಪತ್ರ ತೋರಿಸಲು ಹೇಳಿ ಕಣ್ಣಾರೆ ಓದಿಕೊಳ್ಳಿ.

ಈಗ ಒಂದು ರಾತ್ರಿಯ ಲೆಕ್ಕ ಪೂರ್ಣವಾಗುತ್ತದೆ. ಉಪಕರಣಗಳ 1442ನ್ನು 0.9ರಿಂದ ಭಾಗಿಸಿದರೆ ಸುಮಾರು 1600, ಅದಕ್ಕೆ ಇನ್ವರ್ಟರ್‌ನ 450 ಸೇರಿದರೆ 2050. ಬ್ಯಾಟರಿಯಿಂದ ಒಂದು ರಾತ್ರಿಗೆ ಹೊರಬರಬೇಕಾದದ್ದು 2.05 ಯೂನಿಟ್.

ನಾಲ್ಕನೆಯದು: ಎರಡು ರಾತ್ರಿಗಳ ನಡುವಿನ ಕತ್ತಲ ಹಗಲು

ಒಂದು ರಾತ್ರಿಗೆ 2.05 ಆದರೆ ಎರಡು ರಾತ್ರಿಗೆ 4.1 ಎಂದು ಹೇಳಿ ಮುಗಿಸುವಂತಿಲ್ಲ. ನಡುವೆ ಒಂದು ಹಗಲು ಬರುತ್ತದೆ. ಆ ಹಗಲಿನಲ್ಲಿ ಪ್ಯಾನೆಲ್ ಏನೋ ಒಂದಿಷ್ಟು ಕೊಡುತ್ತದೆ, ಮನೆಯೂ ಒಂದಿಷ್ಟು ತಿನ್ನುತ್ತದೆ. ಉಳಿದದ್ದು ಮಾತ್ರ ಬ್ಯಾಟರಿಗೆ ಹೋಗುತ್ತದೆ.

ನಮ್ಮಲ್ಲಿ ಒಳ್ಳೆಯ ಬಿಸಿಲಿನ ದಿನ ಒಂದು ಕಿಲೋವ್ಯಾಟ್ ಪ್ಯಾನೆಲ್ ನಾಲ್ಕು ಯೂನಿಟ್ ಆಸುಪಾಸು ಕೊಡುತ್ತದೆ, ಮಾರುವವರು ಹೇಳುವ ಲೆಕ್ಕವೂ ಅದೇ. ಬ್ಯಾಕಪ್ ಲೆಕ್ಕಕ್ಕೆ ಆ ಅಂಕಿಯಿಂದ ಉಪಯೋಗವಿಲ್ಲ. ಬೇಕಾದದ್ದು ಜಡಿಮಳೆಯ ದಿನದ ಅಂಕಿ, ಅದು ಸಿಗುವುದು ನಿಮ್ಮದೇ ಊರಿನಲ್ಲಿ ಈಗಾಗಲೇ ಸೋಲಾರ್ ಹಾಕಿಸಿಕೊಂಡವರ ಮೊಬೈಲ್ ಆ್ಯಪಿನಲ್ಲಿ. ಅಕ್ಕನ ಮನೆಯಿಂದ ಎರಡು ಮೈಲಿ ದೂರದ ಒಂದು ಮನೆಯವರು ತಮ್ಮ ಹಿಂದಿನ ವರ್ಷದ ಜುಲೈ ತಿಂಗಳ ದಾಖಲೆಯನ್ನು ತೆರೆದು ತೋರಿಸಿದರು. ಅತಿ ಕೆಟ್ಟ ದಿನಗಳಲ್ಲಿ ಕಿಲೋವ್ಯಾಟಿಗೆ 0.8 ಯೂನಿಟ್ ಆಗಿತ್ತು. ಬಿಸಿಲಿನ ದಿನದ ಐದನೆಯ ಒಂದು ಪಾಲು. ಇದನ್ನೇ ನಾನು ಆಧಾರವಾಗಿ ಹಿಡಿದೆ. ತೋಟದ ಅಡಿಕೆ ಮರಗಳ ನೆರಳು ಮಾಡಿಗೆ ಬೀಳುವ ಮನೆಯಾದರೆ ಇದಕ್ಕಿಂತಲೂ ಕಡಿಮೆ ಹಿಡಿಯಬೇಕು.

ಅಕ್ಕನ ಮನೆಗೆ ಹಿಡಿದ 2 ಕಿಲೋವ್ಯಾಟ್ ಪ್ಯಾನೆಲ್‌ಗಳಿಂದ ಇಂತಹ ದಿನ ಬರುವುದು 1.6 ಯೂನಿಟ್. ಬೆಳಿಗ್ಗೆ ಎಂಟರಿಂದ ಸಂಜೆ ಐದರ ತನಕ ಫ್ರಿಜ್ಜು, ರೂಟರ್, ಮೋಡದ ಕತ್ತಲೆಗೆ ಅಡುಗೆಮನೆಯಲ್ಲಿ ಉರಿಯುವ ದೀಪ, ಇನ್ವರ್ಟರ್‌ನ ಸ್ವಂತ ಬಳಕೆ, ಇವಕ್ಕೆಲ್ಲ ಸುಮಾರು 0.8 ಯೂನಿಟ್ ಹೋಗುತ್ತದೆ. ಉಳಿದ 0.8ರಲ್ಲಿ ಚಾರ್ಜಿಂಗ್ ನಷ್ಟ ಕಳೆದು ಬ್ಯಾಟರಿಗೆ ಸೇರುವುದು 0.75 ಎಂದು ಹಿಡಿಯೋಣ. ಎರಡನೆಯ ರಾತ್ರಿಗೆ ಬೇಕಾದ 2.05ರಲ್ಲಿ 0.75 ಬಂದಿದ್ದರೆ ಕೊರತೆ 1.3 ಯೂನಿಟ್. ಈ ಕೊರತೆಯನ್ನು ಬ್ಯಾಟರಿ ತನ್ನ ಹಳೆಯ ದಾಸ್ತಾನಿನಿಂದ ತುಂಬಿಕೊಡಬೇಕು. ಆದ್ದರಿಂದ ಎರಡು ರಾತ್ರಿಗೆ 2.05 ಮತ್ತು 1.3 ಸೇರಿ 3.35 ಯೂನಿಟ್, ಮೂರು ರಾತ್ರಿಗೆ ಇನ್ನೊಂದು 1.3 ಸೇರಿ 4.65 ಯೂನಿಟ್ ಬಳಸಲು ಸಿಗುವಂತಿರಬೇಕು.

ಐದನೆಯದು: ಬಳಸಲು ಸಿಗುವುದರಿಂದ ಪೆಟ್ಟಿಗೆಯ ಮೇಲಿನ ಅಂಕಿಗೆ

ಬ್ಯಾಟರಿಯ ಮೇಲೆ ಬರೆದಷ್ಟನ್ನೂ ಬಳಸಲು ಬರುವುದಿಲ್ಲ, ಎಷ್ಟು ಬರುತ್ತದೆ ಎಂಬುದು ಬ್ಯಾಟರಿಯ ಜಾತಿಯ ಮೇಲೆ ಅವಲಂಬಿಸಿದೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಶೇಕಡಾ 90ರವರೆಗೆ ಬಳಸಬಹುದು. ಮನೆಗಳಿಗೆ ಸಾಮಾನ್ಯವಾಗಿ ಸಿಗುವ ಪೆಟ್ಟಿಗೆ 51.2 ವೋಲ್ಟ್, 100 ಆಂಪಿಯರ್-ಅವರ್. ಎರಡನ್ನೂ ಗುಣಿಸಿದರೆ 5.12 ಯೂನಿಟ್. ಹೊಸದಿದ್ದಾಗ ಅದರಿಂದ 4.6 ಯೂನಿಟ್ ಸಿಗುತ್ತದೆ. ಆದರೆ ಬ್ಯಾಟರಿಯನ್ನು ಹೊಸದಿದ್ದಾಗಿನ ಶಕ್ತಿಗಲ್ಲ, ಹಳತಾದಾಗಿನ ಶಕ್ತಿಗೆ ಲೆಕ್ಕ ಹಾಕಬೇಕು. ವರ್ಷಗಳು ಕಳೆದು ಸಾಮರ್ಥ್ಯ ಮೂಲದ ಶೇಕಡಾ 80ಕ್ಕೆ ಇಳಿದಾಗ ಅದೇ ಪೆಟ್ಟಿಗೆ ಕೊಡುವುದು 3.7 ಯೂನಿಟ್. ನಮಗೆ ಬೇಕಾದದ್ದು 3.35. ಅಂದರೆ ಇಂತಹ ಒಂದು ಪೆಟ್ಟಿಗೆ ಹಳತಾದಾಗಲೂ ಭಾವನ ಎರಡು ರಾತ್ರಿಗಳನ್ನು ನಡೆಸಿಕೊಡುತ್ತದೆ, ಹೊಸದಿರುವಾಗ ಮೂರನೆಯ ರಾತ್ರಿಯನ್ನೂ ಹೆಚ್ಚುಕಡಿಮೆ ಮುಟ್ಟುತ್ತದೆ.

ಟ್ಯೂಬ್ಯುಲರ್ ಆ್ಯಸಿಡ್ ಬ್ಯಾಟರಿಯ ಬಾಳಿಕೆ ಬೇಕೆಂದರೆ ಅರ್ಧಕ್ಕಿಂತ ಹೆಚ್ಚು ಇಳಿಸದಿರುವುದು ಒಳ್ಳೆಯದು. ಅಲ್ಲಿಗೆ 3.35 ಯೂನಿಟ್ ಬೇಕಾದರೆ 6.7 ಯೂನಿಟ್‌ನಷ್ಟು ಬ್ಯಾಟರಿ ಬೇಕು: 12 ವೋಲ್ಟ್, 150 ಆಂಪಿಯರ್-ಅವರ್‌ನ ನಾಲ್ಕು ಬ್ಯಾಟರಿ ಸೇರಿ 7.2 ಯೂನಿಟ್. ಕೊಳ್ಳುವಾಗ ಅದರ ಮೇಲೆ `C10` ಎಂದು ಬರೆದಿದೆಯೋ `C20` ಎಂದೋ ನೋಡಿಕೊಳ್ಳಿ. `C20` ಎಂದಿದ್ದರೆ ಆ 150 ಸಿಗುವುದು ಇಪ್ಪತ್ತು ಗಂಟೆಯಲ್ಲಿ ನಿಧಾನವಾಗಿ ಇಳಿಸಿದಾಗ ಮಾತ್ರ. ಹತ್ತು ಗಂಟೆಯಲ್ಲಿ ಇಳಿಸಿದರೆ ಅದೇ ಬ್ಯಾಟರಿ ಅಷ್ಟು ಕೊಡುವುದಿಲ್ಲ. ಸೋಲಾರ್‌ಗೆಂದೇ ಮಾಡಿದ ಬ್ಯಾಟರಿಗಳ ಮೇಲೆ ಸಾಮಾನ್ಯವಾಗಿ `C10` ಅಂಕಿ ಇರುತ್ತದೆ, ಒಂದನ್ನೊಂದು ಹೋಲಿಸುವಾಗ ಎರಡೂ ಒಂದೇ ಅಳತೆಯವೇ ಎಂದು ಖಚಿತಪಡಿಸಿಕೊಳ್ಳಬೇಕು.

ಆರಂಭದ ಬೆಲೆಯಲ್ಲಿ ಆ್ಯಸಿಡ್ ಬ್ಯಾಟರಿ ಅಗ್ಗವಾಗಿ ಕಂಡರೂ ಮಳೆಗಾಲದ ಬ್ಯಾಕಪ್ಪಿಗೆ ನಾನು ಲಿಥಿಯಂ ಕಡೆಗೇ ವಾಲುತ್ತೇನೆ, ಅದಕ್ಕೆ ಕಾರಣ ಬಾಳಿಕೆಯೊಂದೇ ಅಲ್ಲ. ಆ್ಯಸಿಡ್ ಬ್ಯಾಟರಿ ಆಗಾಗ ಪೂರ್ತಿ ತುಂಬಲೇಬೇಕು. ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಉಳಿದರೆ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಸಾಮರ್ಥ್ಯ ಶಾಶ್ವತವಾಗಿ ಇಳಿಯುತ್ತದೆ. ಪುಷ್ಯ ಮಳೆಯಲ್ಲಿ ಬ್ಯಾಟರಿ ಇರುವುದೇ ಅರೆಹೊಟ್ಟೆಯಲ್ಲಿ. ಲಿಥಿಯಂ ಐರನ್ ಫಾಸ್ಫೇಟಿಗೆ ಅರ್ಧ ತುಂಬಿದ ಸ್ಥಿತಿಯಿಂದ ಈ ರೀತಿಯ ಹಾನಿಯಿಲ್ಲ.

ಆರನೆಯದು: ಇನ್ನೊಂದು ಬ್ಯಾಟರಿಯೋ, ಇನ್ನೆರಡು ಪ್ಯಾನೆಲ್ಲೋ

ಮೂರನೆಯ ರಾತ್ರಿಯೂ ಖಾತ್ರಿಯಾಗಿ ಬೇಕೆಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಎರಡನೆಯ ಬ್ಯಾಟರಿ. ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಪ್ಯಾನೆಲ್ಲನ್ನು 2ರಿಂದ 3 ಕಿಲೋವ್ಯಾಟಿಗೆ ಏರಿಸಿದರೆ ಕೆಟ್ಟ ದಿನದ ಉತ್ಪಾದನೆ 1.6ರಿಂದ 2.4 ಯೂನಿಟಿಗೆ ಏರುತ್ತದೆ. ಹಗಲಿನ ಬಳಕೆ ಮೊದಲಿನಷ್ಟೇ ಇರುವುದರಿಂದ ಹೆಚ್ಚಾದ ಪಾಲೆಲ್ಲ ಬ್ಯಾಟರಿಗೇ ಹೋಗುತ್ತದೆ: 0.75ರ ಜಾಗದಲ್ಲಿ 1.5. ರಾತ್ರಿಯ ಕೊರತೆ 1.3ರಿಂದ 0.55ಕ್ಕೆ ಇಳಿಯುತ್ತದೆ. ಆಗ ಮೂರು ರಾತ್ರಿಗೆ ಬೇಕಾದದ್ದು 2.05 ಮತ್ತು ಎರಡು ಸಲ 0.55, ಒಟ್ಟು 3.15 ಯೂನಿಟ್. ಹಳತಾದ ಅದೇ ಒಂದು ಪೆಟ್ಟಿಗೆ ಇದನ್ನು ಕೊಡಬಲ್ಲದು.

ಅಂದರೆ 540 ವ್ಯಾಟಿನ ಎರಡು ಪ್ಯಾನೆಲ್‌ಗಳು ಒಂದು ಇಡೀ ರಾತ್ರಿಯನ್ನು ತಂದುಕೊಟ್ಟವು, ಅದೂ ಎರಡನೆಯ ಲಿಥಿಯಂ ಪೆಟ್ಟಿಗೆಗಿಂತ ಬಹಳ ಕಡಿಮೆ ಖರ್ಚಿನಲ್ಲಿ. ಮೋಡದ ಊರಿನಲ್ಲಿ ಬ್ಯಾಟರಿಗಿಂತ ಮೊದಲು ಪ್ಯಾನೆಲ್ ಹೆಚ್ಚಿಸಬೇಕು ಎಂದು ನಾನು ನಂಬಿರುವುದು ಈ ಲೆಕ್ಕದಿಂದ. ಹಾಗೆ ಹೆಚ್ಚಿಸುವಾಗ ಇನ್ವರ್ಟರ್ ತಡೆದುಕೊಳ್ಳುವ ಪ್ಯಾನೆಲ್ ವೋಲ್ಟೇಜಿನ ಮಿತಿ ಮೀರದಂತೆ ನೋಡಿಕೊಳ್ಳಬೇಕು. 540 ವ್ಯಾಟಿನ ಒಂದು ಪ್ಯಾನೆಲ್ ಲೋಡ್ ಇಲ್ಲದಾಗ ಐವತ್ತು ವೋಲ್ಟಿನ ಹತ್ತಿರ ತೋರಿಸುತ್ತದೆ. ಸಾಲಾಗಿ ಜೋಡಿಸಿದಷ್ಟೂ ಅದು ಕೂಡುತ್ತಾ ಹೋಗುತ್ತದೆ, ಚಳಿಯ ಮುಂಜಾನೆ ಇನ್ನಷ್ಟು ಏರುತ್ತದೆ. ಮಿತಿ ಮೀರಿದರೆ ಇನ್ವರ್ಟರ್ ಸುಟ್ಟುಹೋಗಬಹುದು, ಅದಕ್ಕೆ ವಾರಂಟಿಯೂ ಸಿಗುವುದಿಲ್ಲ.

ಪ್ಯಾನೆಲ್ ಹೆಚ್ಚಿಸದೆ ಬ್ಯಾಟರಿಯನ್ನು ಮಾತ್ರ ಹೆಚ್ಚಿಸಿದರೆ ಏನಾಗುತ್ತದೆ ಎಂಬುದನ್ನು ಒಂದು ಮನೆಯಲ್ಲಿ ಹತ್ತಿರದಿಂದ ನೋಡಿದ್ದೇನೆ. ಅವರಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ಮತ್ತು ಎರಡು ಆ್ಯಸಿಡ್ ಬ್ಯಾಟರಿ ಇದ್ದವು. ರಾತ್ರಿ ಸಾಲುತ್ತಿಲ್ಲವೆಂದು, ಮೂರು ವರ್ಷ ಹಳೆಯದಾದ ಆ ಎರಡರ ಜೊತೆಗೆ ಹೊಸ ಎರಡನ್ನು ಸೇರಿಸಿದರು. ಆ ಮಳೆಗಾಲ ಮುಗಿಯುವಷ್ಟರಲ್ಲಿ ನಾಲ್ಕೂ ಸೋತಿದ್ದವು. ಆ್ಯಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ನೋಡಿದರೆ ಪೂರ್ತಿ ಚಾರ್ಜಾದಾಗ 1.240ರ ಹತ್ತಿರ ನಿಲ್ಲಬೇಕಾದ ತೇಲು ಹೊಸ ಬ್ಯಾಟರಿಗಳಲ್ಲೂ 1.180 ದಾಟುತ್ತಿರಲಿಲ್ಲ, ಹಳೆಯದೊಂದರ ಒಂದು ಕೋಶದಲ್ಲಿ 1.100. ಹಗಲಿನ ಚಾರ್ಜ್ ನಾಲ್ಕಕ್ಕೂ ಸಾಲದೆ, ಹಳೆಯವು ಹೊಸವನ್ನು ಎಳೆದು, ಒಂದೂ ಪೂರ್ತಿ ತುಂಬಿರಲಿಲ್ಲ. ಇದರ ಲಕ್ಷಣವನ್ನು ಹೈಡ್ರೋಮೀಟರ್ ಇಲ್ಲದೆಯೂ ಗುರುತಿಸಬಹುದು: ಚಾರ್ಜಿಗೆ ಹಾಕಿದ ಅರ್ಧ ಗಂಟೆಯೊಳಗೆ ವೋಲ್ಟೇಜ್ 14.4ಕ್ಕೆ ಜಿಗಿದು ‘ಫುಲ್’ ಎನ್ನುತ್ತದೆ, ಲೋಡ್ ಹಾಕಿದ ಹತ್ತು ನಿಮಿಷಕ್ಕೆ 11.5ಕ್ಕೆ ಕುಸಿಯುತ್ತದೆ.

ಏಳನೆಯದು: ಒಮ್ಮೆಗೇ ಎಳೆಯುವ ಭಾರ

ಇಲ್ಲಿಯವರೆಗೆ ನೋಡಿದ್ದು ರಾತ್ರಿಯಿಡೀ ಸಾಲುತ್ತದೆಯೇ ಎಂಬುದನ್ನು. ಒಂದೇ ಕ್ಷಣದಲ್ಲಿ ಬೀಳುವ ಭಾರ ಬೇರೆಯ ಪ್ರಶ್ನೆ, ಅದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ದೀಪ, ಫ್ಯಾನು, ಟಿವಿ, ರೂಟರ್, ಓಡುತ್ತಿರುವ ಫ್ರಿಜ್ಜು ಎಲ್ಲ ಸೇರಿ 250 ವ್ಯಾಟ್. ಅದೇ ಹೊತ್ತಿಗೆ ಮಿಕ್ಸಿ ಹಾಕಿದರೆ 750. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಮಾಮೂಲಿ ಭಾರಕ್ಕಿಂತ ಹಲವು ಪಟ್ಟು ಎಳೆದರೂ 2 ಕೆವಿಎ ಆಸುಪಾಸಿನ ಇನ್ವರ್ಟರ್ ಇದನ್ನು ಸಲೀಸಾಗಿ ತಾಳುತ್ತದೆ. ಬಾವಿಯ ಒಂದು ಎಚ್‌ಪಿ ಪಂಪನ್ನು ಇದೇ ಲೈನಿಗೆ ಹಾಕಿದ್ದರೆ ಅದು ಶುರುವಾಗುವ ಏಟಿಗೆ ಮನೆಯ ದೀಪಗಳೆಲ್ಲ ಆರುತ್ತಿದ್ದವು. ಅಂತಹ ಮನೆಯಲ್ಲಿ ಮೇಲಿನ ಟ್ಯಾಂಕನ್ನು ಕರೆಂಟು ಇರುವಾಗಲೇ ತುಂಬಿಸಿಟ್ಟುಕೊಳ್ಳುವುದು ದೊಡ್ಡ ಇನ್ವರ್ಟರ್ ಕೊಳ್ಳುವುದಕ್ಕಿಂತ ಸುಲಭ.

ಹಾಕಿದ ಮೇಲೆ ನೋಡಬೇಕಾದ ಸೆಟ್ಟಿಂಗ್‌ಗಳು

ಲೆಕ್ಕ ಸರಿಯಿದ್ದೂ ರಾತ್ರಿ ಸೋಲುವ ಮನೆಗಳಲ್ಲಿ ತಪ್ಪು ಸಾಮಾನ್ಯವಾಗಿ ಇನ್ವರ್ಟರ್‌ನ ಸೆಟ್ಟಿಂಗ್‌ನಲ್ಲಿರುತ್ತದೆ. ಬಿಲ್ ಉಳಿಯಲೆಂದು ಎಷ್ಟೋ ಇನ್ವರ್ಟರ್‌ಗಳನ್ನು `SBU` ಕ್ರಮದಲ್ಲಿ ಬಿಟ್ಟು ಹೋಗಿರುತ್ತಾರೆ. ಆ ಕ್ರಮದಲ್ಲಿ ಮೊದಲು ಸೋಲಾರ್, ಆಮೇಲೆ ಬ್ಯಾಟರಿ, ಕೊನೆಗೆ ಲೈನಿನ ಕರೆಂಟು. ಕರೆಂಟು ಇದ್ದಾಗಲೂ ಸಂಜೆಯಿಂದ ಬ್ಯಾಟರಿಯೇ ಖಾಲಿಯಾಗುತ್ತಾ, ರಾತ್ರಿ ಹನ್ನೆರಡಕ್ಕೆ ಗಾಳಿ ಬೀಸಿ ಲೈನ್ ಹೋದಾಗ ಅದರಲ್ಲಿ ಇಪ್ಪತ್ತು ಪರ್ಸೆಂಟ್ ಮಾತ್ರ ಉಳಿದಿರುತ್ತದೆ. ಬೇಸಿಗೆಯಲ್ಲಿ ಇದು ಸರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತ್ರ, ಲೈನಿನ ಕರೆಂಟು ಇರುವಷ್ಟು ಹೊತ್ತು ಬ್ಯಾಟರಿ ತುಂಬಿಯೇ ಇರುವಂತೆ ಕ್ರಮವನ್ನು ಬದಲಿಸಬೇಕು, ಅಥವಾ ಕಾಯ್ದಿಡುವ ಮಟ್ಟವನ್ನು ಶೇಕಡಾ 80ಕ್ಕಿಂತ ಮೇಲಿಡಬೇಕು. ನಾವು ಲೆಕ್ಕ ಹಾಕಿದ್ದು ತುಂಬಿದ ಬ್ಯಾಟರಿಯಿಂದ ಆರಂಭವಾಗುವ ಎರಡು ರಾತ್ರಿಗಳಿಗೆ ಎಂಬುದನ್ನು ನೆನಪಿಡಿ.

ಇದರ ಜೊತೆಗೆ ಲೈನಿನ ಕರೆಂಟಿನಿಂದಲೂ ಚಾರ್ಜ್ ಆಗುವಂತೆ ಬಿಡಬೇಕು. ಮಳೆಗಾಲದಲ್ಲಿ ಕರೆಂಟು ಮಧ್ಯಾಹ್ನ ಒಂದು ಗಂಟೆ ಬಂದು ಮತ್ತೆ ಹೋಗುವುದುಂಟು; ಆ ಒಂದು ಗಂಟೆಯಲ್ಲಿ 30 ಆಂಪಿಯರ್‌ನಂತೆ ಒಳಗೆ ಹೋದರೆ ಒಂದೂವರೆ ಯೂನಿಟ್ ಸೇರುತ್ತದೆ, ಅದು ರಾತ್ರಿಯ ಮುಕ್ಕಾಲು ಪಾಲು. ಹಳ್ಳಿಯ ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಇನ್ನೊಂದು ತೊಡಕಿದೆ. ವೋಲ್ಟೇಜ್ 160ಕ್ಕೆ ಇಳಿದಿದ್ದರೆ ಅನೇಕ ಇನ್ವರ್ಟರ್‌ಗಳು `UPS` ಎಂಬ ಸೆಟ್ಟಿಂಗ್‌ನಲ್ಲಿ ಆ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ; `APL` ಎಂದು ಬದಲಿಸಿದರೆ ಕಡಿಮೆ ವೋಲ್ಟೇಜನ್ನೂ ಸ್ವೀಕರಿಸುತ್ತವೆ. ಆದರೆ ಆಗ ಅದೇ ಕಡಿಮೆ ವೋಲ್ಟೇಜ್ ಫ್ರಿಜ್ಜಿಗೂ ಹೋಗುವುದರಿಂದ ಫ್ರಿಜ್ಜಿಗೆ ಸ್ಟೆಬಿಲೈಸರ್ ಇರಬೇಕು.

ಲಿಥಿಯಂ ಬ್ಯಾಟರಿ ಹಾಕಿಸಿದವರು ಇನ್ವರ್ಟರ್‌ನಲ್ಲಿ ಬ್ಯಾಟರಿಯ ಬಗೆ ಲಿಥಿಯಂ ಎಂದೇ ಇದೆಯೇ, ಬ್ಯಾಟರಿಯೊಳಗೆ ಅದನ್ನು ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟಿನಿಂದ ಇನ್ವರ್ಟರ್‌ಗೆ ಸಂವಹನದ ಕೇಬಲ್ ಹಾಕಿದ್ದಾರೆಯೇ ಎಂದು ನೋಡಬೇಕು. ಲಿಥಿಯಂ ಐರನ್ ಫಾಸ್ಫೇಟಿನ ವೋಲ್ಟೇಜ್ ತುಂಬಿದಾಗಿನಿಂದ ಖಾಲಿಯಾಗುವ ಹತ್ತಿರದ ತನಕ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ವೋಲ್ಟೇಜ್ ನೋಡಿ ಪರ್ಸೆಂಟ್ ಊಹಿಸುವ ಇನ್ವರ್ಟರ್ ತಪ್ಪು ಹೇಳುತ್ತದೆ. ಪರದೆಯಲ್ಲಿ ನಲವತ್ತು ತೋರಿಸುತ್ತಿದ್ದು ಒಮ್ಮೆಲೇ ಮನೆ ಕತ್ತಲಾದರೆ ಮೊದಲು ಅನುಮಾನಿಸಬೇಕಾದದ್ದು ಬ್ಯಾಟರಿಯನ್ನಲ್ಲ, ಆ ಕೇಬಲನ್ನು.

ಮಳೆ ಹಿಡಿಯುವ ಮೊದಲು ಒಂದು ರಾತ್ರಿಯ ಪರೀಕ್ಷೆ

ಮೇ ಕೊನೆಯ ವಾರದಲ್ಲಿ ಒಂದು ದಿನ, ಬ್ಯಾಟರಿ ಪೂರ್ತಿ ತುಂಬಿದ ಮೇಲೆ, ಸಂಜೆ 5ಕ್ಕೆ ಲೈನಿನ ಮೇನ್ ಸ್ವಿಚ್ಚನ್ನು ಮತ್ತು ಪ್ಯಾನೆಲ್ಲಿನ ಡಿಸಿ ಸ್ವಿಚ್ಚನ್ನು ಆರಿಸಿ, ಮಾರನೆಯ ಬೆಳಿಗ್ಗೆ 8ರ ತನಕ ಮನೆಯವರೆಲ್ಲ ಎಂದಿನಂತೆ ಇರಬೇಕು. ಪರೀಕ್ಷೆಯೆಂದು ಟಿವಿ ಕಡಿಮೆ ನೋಡುವುದಾಗಲೀ ಬೇಗ ಮಲಗುವುದಾಗಲೀ ಮಾಡಿದರೆ ಅಂಕಿ ಸುಳ್ಳಾಗುತ್ತದೆ. ರಾತ್ರಿ ಹತ್ತಕ್ಕೆ, ಬೆಳಿಗ್ಗೆ ಆರಕ್ಕೆ ಮತ್ತು ಎಂಟಕ್ಕೆ ಪರದೆಯ ಪರ್ಸೆಂಟನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಪ್ರತಿ ವರ್ಷ ಇದೇ ವಾರದಲ್ಲಿ ಮಾಡಿದರೆ ಬ್ಯಾಟರಿ ಎಷ್ಟು ಹಳತಾಗುತ್ತಿದೆ ಎಂಬುದೂ ಗೊತ್ತಾಗುತ್ತಾ ಹೋಗುತ್ತದೆ.

ಅಕ್ಕನ ಮನೆಯಲ್ಲಿ ನಮ್ಮ ಲೆಕ್ಕದ ಪ್ರಕಾರ 5.12ರಲ್ಲಿ 2.05 ಹೋಗಿ ಬೆಳಿಗ್ಗೆ ಎಂಟಕ್ಕೆ 60 ಪರ್ಸೆಂಟ್ ಉಳಿಯಬೇಕಿತ್ತು. ಪರದೆ ತೋರಿಸಿದ್ದು 58. ಆ ಎರಡು ಪರ್ಸೆಂಟ್ ಎಂದರೆ ನೂರು ವ್ಯಾಟ್-ಅವರ್. ಎಲ್ಲಿ ಹೋಯಿತೆಂದು ಇಬ್ಬರೂ ಪಟ್ಟಿ ಹಿಡಿದು ಹುಡುಕಿದೆವು. ಕೊನೆಗೆ ಅತ್ತೆಯವರೇ ಹೇಳಿದರು, ದನದ ಕೊಟ್ಟಿಗೆ ಕಾಣಲಿ ಎಂದು ಜಗಲಿಯ ಒಂಬತ್ತು ವ್ಯಾಟಿನ ಬಲ್ಬನ್ನು ಅವರು ದಿನವೂ ಬೆಳಗಿನ ತನಕ ಉರಿಯಲು ಬಿಡುತ್ತಾರಂತೆ. ಬಲ್ಬನ್ನು ಹಾಗೆಯೇ ಉರಿಯಲು ಬಿಟ್ಟು, ಪಟ್ಟಿಯಲ್ಲಿ ಅದರ ಗಂಟೆಗಳನ್ನು ತಿದ್ದಿದೆವು.